ಅಪ್‌ಡೇಟ್: ಪರಿಚಯ ಕೇಳುವ ಇಮೇಲ್, ಬದಲಿಸಿದ ಮೇಲೆ

ನನ್ನ ಪ್ರಶ್ನೆ: "ಕೆಲಸ ಮೆಚ್ಚಿದ ಗ್ರಾಹಕರಿಗೆ, ಅವರ ಕ್ಷೇತ್ರದವರನ್ನು ಪರಿಚಯಿಸಿ ಎಂದು ಇಮೇಲ್ ಬರೆದೆ. ‘ಖಂಡಿತ’ ಅಂದರು, ಆಮೇಲೆ ಸುದ್ದಿಯಿಲ್ಲ. ಏನು ತಪ್ಪಾಯಿತು?"

ಅಪ್‌ಡೇಟ್: ತಪ್ಪಿದ್ದದ್ದು "ಯಾರಾದರೂ ಇದ್ದರೆ ಹೇಳಿ" ಎಂಬ ಸಾಲಿನಲ್ಲಿ. ಹೆಸರು ಯೋಚಿಸುವುದು, ನಮ್ಮ ಬಗ್ಗೆ ಬರೆಯುವುದು, ಎರಡೂ ಗ್ರಾಹಕರ ತಲೆಗೇ ಬೀಳುತ್ತಿತ್ತು. ಈಗಿನ ಸಾಲು ಹೀಗಿದೆ: "ಎರಡು-ಮೂರು ಗೋದಾಮಿದ್ದು, ಸ್ಟಾಕ್ ಲೆಕ್ಕ ಇನ್ನೂ ಎಕ್ಸೆಲ್‌ನಲ್ಲೇ ಇಟ್ಟಿರುವ ವಿತರಕರೊಬ್ಬರು ನೆನಪಿಗೆ ಬರುತ್ತಾರೆಯೇ? ಮೊದಲು ಅವರ ಒಪ್ಪಿಗೆ ಕೇಳಿ. ಮುಜುಗರವೆನಿಸಿದರೆ ಬಿಟ್ಟುಬಿಡಿ."

ಅದರ ಕೆಳಗೆ, ಹಾಗೆಯೇ ಫಾರ್ವರ್ಡ್ ಮಾಡುವಂತೆ, ಗ್ರಾಹಕರ ಮಾತಿನ ಧಾಟಿಯಲ್ಲಿ: "ನಮ್ಮ ತಿಂಗಳ ಸ್ಟಾಕ್ ತಾಳೆಯನ್ನು 3 ದಿನದಿಂದ 1 ದಿನಕ್ಕೆ ಇಳಿಸಿದವರು ಇವರು. 15 ನಿಮಿಷ ಮಾತಾಡುತ್ತೀರಾ?" ಆ ಅಂಕಿ ಗ್ರಾಹಕರೇ ಹೇಳಿದ್ದಾಗಿರಬೇಕು. ನಾವು ಊಹಿಸಿ ಬರೆದರೆ ಅವರು ತಮ್ಮ ಹೆಸರಲ್ಲಿ ಕಳಿಸಲು ಹಿಂಜರಿಯುತ್ತಾರೆ. ಬಿಲ್ ಕಳಿಸಿದ ಥ್ರೆಡ್‌ನಲ್ಲಂತೂ ಇದನ್ನು ಕೇಳಬೇಡಿ. ಅದು ಹೆಚ್ಚಾಗಿ ಲೆಕ್ಕಪತ್ರದವರ ಕೈಸೇರುತ್ತದೆ.