ಪದಚರ್ಚೆ: "ಯಾವುದೇ ರೀತಿಯಲ್ಲಿ ವಿಭಜಿಸಿ" ಎಂದರೆ ಒಂದು ರೀತಿಯೋ, ಎಲ್ಲ ರೀತಿಯೋ?

ಮಾನ್ಯರೇ,

ಥಿಯರಿ ಆಫ್ ಕಂಪ್ಯುಟೇಷನ್ ಪಾಠಕ್ಕಾಗಿ ನಾನು ಕನ್ನಡದಲ್ಲಿ ಬರೆದ ಟಿಪ್ಪಣಿಯಲ್ಲಿ, ಪಂಪಿಂಗ್ ಲೆಮ್ಮಾ ಬಳಸುವ ಬಗೆಯನ್ನು ಹೇಳುತ್ತಾ "z ಅನ್ನು ಯಾವುದೇ ರೀತಿಯಲ್ಲಿ uvwxy ಎಂದು ವಿಭಜಿಸಿ, ವಿರೋಧ ತೋರಿಸಿ" ಎಂದಿದ್ದೆ. ಪರೀಕ್ಷೆಯಲ್ಲಿ `a^n b^n c^n` ಕಾಂಟೆಕ್ಸ್ಟ್-ಫ್ರೀ ಅಲ್ಲವೆಂದು ಸಾಧಿಸಬೇಕಿತ್ತು. ವಿದ್ಯಾರ್ಥಿನಿಯೊಬ್ಬಳು `z = a^p b^p c^p` ಎಂದು ಸರಿಯಾಗಿಯೇ ಆರಿಸಿದಳು. ಆದರೆ `v = a`, `x = b` ಎಂದು ತಾನೇ ಇಟ್ಟುಕೊಂಡು, ಎರಡು ಸಲ ಪಂಪ್ ಮಾಡಿದರೆ c ಒಂದು ಕಡಿಮೆ ಬೀಳುತ್ತದೆಂದು ಬರೆದು ಮುಗಿಸಿದಳು. ನಾನು ಅಂಕ ಕಳೆದಾಗ ಅವಳು ನನ್ನ ವಾಕ್ಯವನ್ನೇ ತೋರಿಸಿ, "ಯಾವುದೇ ಎಂದರೆ ನನಗಿಷ್ಟವಾದದ್ದು ಎಂದಲ್ಲವೇ ಸರ್?" ಎಂದಳು.

ಇದನ್ನು ಕೇಳಿದ ಗೆಳೆಯರೊಬ್ಬರು, a ಗಳನ್ನು ಸ್ಟ್ಯಾಕ್‌ಗೆ ಹಾಕಿ b ಬಂದಂತೆ ತೆಗೆದರೆ c ಬರುವ ಹೊತ್ತಿಗೆ ಸ್ಟ್ಯಾಕ್ ಬರಿದಾಗಿರುತ್ತದೆ, ಲೆಮ್ಮಾ ಯಾಕೆ ಬೇಕು ಎಂದರು. ಊಹೆ ಸರಿ, ಆದರೆ ಅದರಿಂದ ಸೋತದ್ದು ಒಂದು ಪುಶ್‌ಡೌನ್ ಯಂತ್ರ ಮಾತ್ರ, ಬೇರಾವ ಯಂತ್ರವೂ ಇಲ್ಲವೆಂದು ಅದು ಹೇಳುವುದಿಲ್ಲ. ಇನ್ನೊಬ್ಬರು ನನ್ನ ಪ್ರಶ್ನೆ ಅಂಕದ ಬಗೆಗೆ ಎಂದು ತಿಳಿದು, ತಾವು ಹಿಂದೆ `ww^R` ಕಾಂಟೆಕ್ಸ್ಟ್-ಫ್ರೀ ಅಲ್ಲವೆಂದು "ಸಾಧಿಸಿ" ಸೊನ್ನೆ ಪಡೆದದ್ದನ್ನು ಹೇಳಿಕೊಂಡರು. ಅವರ ತಪ್ಪು ಇದೇ ಆಗಿತ್ತು. `a^p bb a^p` ದಲ್ಲಿ ಮೊದಲ ಸಾಲಿನ ಒಂದು a ಮಾತ್ರ ಹೆಚ್ಚಿಸಿದರೆ ಪದ ಕೆಡುತ್ತದೆ, ನಿಜ. ಆದರೆ ನಡುವಿನ ಒಂದು b ಯನ್ನು v, ಇನ್ನೊಂದನ್ನು x ಎಂದು ತೆಗೆದುಕೊಂಡರೆ ಎಷ್ಟು ಸಲ ಪಂಪ್ ಮಾಡಿದರೂ ಪದ ಭಾಷೆಯಲ್ಲೇ ಉಳಿಯುತ್ತದೆ.

ವ್ಯಾಕರಣ ಬಲ್ಲ ಹಿರಿಯರೊಬ್ಬರ ಮಾತು ನನಗೆ ಒಪ್ಪಿಗೆಯಾಯಿತು. "ಯಾವುದೇ ಬಸ್ಸು ಹತ್ತಿ" ಎಂದರೆ ಆಯ್ಕೆ ಹತ್ತುವವರದು, ಒಂದು ಸಾಕು. "ಯಾವ ಬಸ್ಸು ಹತ್ತಿದರೂ ಮೆಜೆಸ್ಟಿಕ್ ಮುಟ್ಟುತ್ತೀರಿ" ಎಂದರೆ ಎಲ್ಲ ಬಸ್ಸುಗಳ ಮಾತು. ಎಲ್ಲವನ್ನೂ ಹಿಡಿಯುವ ಬಲ "-ದರೂ" ಪ್ರತ್ಯಯದ್ದು. ಹಾಗಾಗಿ "z ಅನ್ನು ನೀವೇ ಆರಿಸಿ, ಅದನ್ನು ಎದುರಾಳಿ ಹೇಗೆ ವಿಭಜಿಸಿದರೂ ಪದ ಕೆಡುವಂಥ ಒಂದು i ತೋರಿಸಿ" ಎಂದು ತಿದ್ದಿದ್ದೇನೆ. ಆಗ ಉತ್ತರವೂ ತಾನಾಗಿ ನೆಟ್ಟಗಾಗುತ್ತದೆ: `|vwx| ≤ p` ಆದ್ದರಿಂದ ಆ ತುಂಡು p ಸಂಖ್ಯೆಯ b ಗಳನ್ನು ದಾಟಿ a ಮತ್ತು c ಎರಡನ್ನೂ ಮುಟ್ಟಲಾರದು, v, x ಗಳಲ್ಲಿ ಒಂದಾದರೂ ಖಾಲಿಯಲ್ಲ, ಆದ್ದರಿಂದ `i = 2` ಆದಾಗ ಯಾವುದೋ ಅಕ್ಷರ ಹೆಚ್ಚುತ್ತದೆ, ಒಂದಾದರೂ ಇದ್ದಷ್ಟೇ ಉಳಿಯುತ್ತದೆ.

ಒಂದು ಸಂದೇಹ ಬಗೆಹರಿದಿಲ್ಲ. "ಪಂಪ್ ಮಾಡು" ಎನ್ನುವಲ್ಲಿ ಕೆಲವರು "ಉಬ್ಬಿಸು" ಎನ್ನುತ್ತಾರೆ. ಆದರೆ `i = 0` ಆದಾಗ v, x ಬಿಟ್ಟುಹೋಗಿ ಪದ ಕುಗ್ಗುತ್ತದೆ. ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಸಲ್ಲುವ ಒಂದೇ ಕ್ರಿಯಾಪದ ತಮಗೆ ತೋರುತ್ತದೆಯೇ?