ಪದ ಬೇಕು: ‘ಕ್ಯಾಚ್-ಅಪ್ ಗ್ರೋತ್’ (ಸೋಮವಾರದೊಳಗ)

ಜಮಖಂಡಿಯಿಂದ:
ನಮಸ್ಕಾರ್ರೀ. ಅಂಗನವಾಡಿ ಗೋಡೆಗೆ ಫಲಕ ಬರಸೋದೈತಿ. ಎರಡೂವರೆ ಕಿಲೋಕ್ಕಿಂತ ಕಡಿಮೆ ಹುಟ್ಟಿದ ಕೂಸು ಆಮ್ಯಾಲೆ ಜೋರಾಗಿ ತೂಕ ಏರಿಸ್ಕೊಂಡ್ರ ಅದಕ್ಕೇನನ್ನೋಣು? ‘ಸರಿಗಟ್ಟುವ ಬೆಳವಣಿಗೆ’ ಅಂತ ಬರದೀನಿ. ಪೇಂಟರ್ ಸೋಮವಾರ ಬರ್ತಾನ.

ಬೆಳಗಾವಿಯಿಂದ:
‘ಸರಿಬೆಳೆತ’ ಎಂದರೆ ಸಾಕು. ಕುಣಿತ, ಹೊಡೆತ ಇದ್ದ ಹಾಗೆ. ಫಲಕದಲ್ಲಿ ‘ಜನನ ತೂಕ’ ಇದ್ದರೆ ಅದನ್ನೂ ಅಳಿಸಿ, ‘ಹುಟ್ಟುತೂಕ’ ಬರೆಸಿ.

ವಿಜಯಪುರದಿಂದ:
ನಾನು ಮಕ್ಕಳ ಡಾಕ್ಟರು, ಈಗ ನಿವೃತ್ತ. ಎರಡೂ ಪದ ‘ಸರಿ’ ಅಂತಾವ, ತೊಡಕು ಅಲ್ಲೇ ಐತಿ. ಎರಡು ವರ್ಷದೊಳಗ ಏರಿದ ತೂಕದಾಗ ಎತ್ತರ, ಸ್ನಾಯುವಿನ ಪಾಲು ಹೆಚ್ಚು, ಅದು ಬೇಕು. ಆಮ್ಯಾಲೆ ಎತ್ತರ ಹಿಂದುಳಿದು ತೂಕ ಮಾತ್ರ ಓಡಿದ್ರ ಕೊಬ್ಬಿನ ಪಾಲು ಹೆಚ್ಚು.

ಒಬ್ಬ ಹುಡುಗ ಅಂತ ಇಟ್ಕೊಳ್ರಿ. ಹುಟ್ಟಿದಾಗ 2.1 ಕಿಲೋ. ಮೂರು ವರ್ಷಕ್ಕ 88 ಸೆಂ.ಮೀ., 11 ಕಿಲೋ. ವಯಸ್ಸಿನ ತೂಕದ ಚಾರ್ಟಿನಾಗ ಹಳದಿ, ಅಂದ್ರ ತೂಕ ಕಡಿಮೆ. ಐದಕ್ಕ 101 ಸೆಂ.ಮೀ., 17.5 ಕಿಲೋ, ಹಸಿರು. ಎಲ್ಲಾರೂ ಖುಷಿ. ಆದ್ರ ಎತ್ತರಕ್ಕ ತೂಕ ಎಷ್ಟು ಅಂತ ತೋರಿಸೋ ಬಿ.ಎಂ.ಐ. ತೆಗೀರಿ: 14 ಇದ್ದದ್ದು 17 ಆಗೇತಿ. ಈ ವಯಸ್ಸಿನಾಗ ಅದು ಸ್ವಲ್ಪ ಇಳೀಬೇಕಿತ್ತು. ಹುಡುಗ ಇನ್ನೂ ಕುಳ್ಳ.

ದಿಲ್ಲಿಯಾಗ ಹುಟ್ಟಿನಿಂದ ಅಳೆದ ಮಕ್ಕಳನ್ನ ದೊಡ್ಡವರಾದ ಮ್ಯಾಲೆ ಪರೀಕ್ಷಿಸಿದ ಅಧ್ಯಯನ 2004ರಾಗ ಬಂತು. ಸಕ್ಕರೆ ಏರಿದವರು ಎರಡು ವರ್ಷದ ತನಕ ತೆಳ್ಳಗಿದ್ದು, ಆಮ್ಯಾಲೆ ಬ್ಯಾಗನ ತುಂಬಿಕೊಂಡವರು. ಹನ್ನೆರಡು ವರ್ಷಕ್ಕ ಅವರೊಳಗ ಒಬ್ಬರೂ ಬೊಜ್ಜಿನವರಿರಲಿಲ್ಲ. ಕಣ್ಣಳತಿ ನಂಬಬ್ಯಾಡ್ರಿ, ಎತ್ತರಾನೂ ಅಳೀರಿ.

ಬೆಳಗಾವಿಯಿಂದ:
ಹಾಗಾದರೆ ಸಣ್ಣ ಕೂಸಿಗೆ ಹೆಚ್ಚು ಉಣಿಸಬಾರದು ಎಂದೇ ಬರೆಸಿ. ಪದದ ಗೊಡವೆಯೇ ಇಲ್ಲ.

ವಿಜಯಪುರದಿಂದ:
ಹಂಗ ಬರಸಿದ್ರ ಕೂಸು ಸಾಯ್ತಾವ. ಮೊದಲ ಎರಡು ವರ್ಷ ಎದೆಹಾಲು, ಆರು ತಿಂಗಳಿಂದ ಬ್ಯಾಳಿ, ತತ್ತಿ, ಎಣ್ಣಿ ಕೂಡಿದ ಮೆತ್ತನ್ನ ಊಟ ಪೂರಾ ಕೊಡಬೇಕು. ನಾನು ಹೇಳಿದ್ದು ಆಮ್ಯಾಲಿನ ಬಿಸ್ಕಿಟ್, ಕುರುಕುರೆ, ಸಕ್ರಿ ಚಹಾದ ತೂಕ.

ಬಾಗಲಕೋಟೆಯಿಂದ:
ನಾನೂ ಎರಡು ಕಿಲೋದ ಕೂಸಂತ್ರಿ, ಅವ್ವ ಹೇಳ್ತಾಳ. ಈಗೂ ಬಡಕಲು, ಹೊಟ್ಟಿ ಮಾತ್ರ ಮುಂದ. ನಲವತ್ತಕ್ಕ ಶುಗರ್ ಬಂತು. ಅಂದ್ರ ಇದು ಹುಟ್ಟಿದಾಗಿನ ಬ್ಯಾನಿ ಏನ್ರೀ?

ವಿಜಯಪುರದಿಂದ:
ಒಬ್ಬರ ವಿಷಯದಾಗ ಹಂಗ ಹೇಳಾಕ ಬರಂಗಿಲ್ಲ. ಅಪಾಯ ಹೆಚ್ಚು ಅಷ್ಟ. ಪುಣೆಯಾಗ ಸರಾಸರಿ 2.7 ಕಿಲೋದ ಕೂಸುಗಳನ್ನ ಇಂಗ್ಲೆಂಡಿನ 3.5 ಕಿಲೋದವುಗಳ ಜೋಡಿ ಹೋಲಿಸಿದಾಗ, ಸ್ನಾಯು ಬಾಳ ಕಡಿಮೆ, ಬೆನ್ನ ಚರ್ಮದಡಿ ಕೊಬ್ಬು ಮಾತ್ರ ಅಷ್ಟೊಂದು ಕಡಿಮೆ ಇರಲಿಲ್ಲ. ಬಡಕಲು ಅಂದ್ರ ಕೊಬ್ಬಿಲ್ಲ ಅಂತಲ್ಲ.

ಜಮಖಂಡಿಯಿಂದ:
ಸರ್, ಹಂಗಾರ ಫಲಕದಾಗ ‘ಎತ್ತರದ ಜೋಡಿ ತೂಕ ಏರಲಿ’ ಅಂತ ಬರಸ್ತೀನ್ರಿ. ಪದ ಬಿಟ್ಟೆ.

ಬೆಳಗಾವಿಯಿಂದ:
ಇದು ಪದಚರ್ಚೆಯ ಗುಂಪು, ಆಸ್ಪತ್ರೆಯಲ್ಲ. ಬಿ.ಎಂ.ಐ., ಚಾರ್ಟ್, ಶುಗರ್: ಒಂದಕ್ಕೂ ಯಾರೂ ಕನ್ನಡ ಕೇಳಲಿಲ್ಲ.

ಬಾಗಲಕೋಟೆಯಿಂದ:
ಸಕ್ರಿ ಜಡ್ಡು ಅನ್ರಿ. ‘ಸಕ್ರಿ’ನೂ ಹೊರಗಿನದ ಅಂತೀರೇನ?