ಸಹಾಯ ಬೇಕು: 8 ಫ್ಯಾಕ್ಟರ್ ಇಡಲೋ, 2 ಸಾಕೋ?

ಅಮೆರಿಕದ ಆರ್ಥಿಕತೆಯ FRED-MD ಡೇಟಾ ಹಿಡಿದು ಕೂತಿದ್ದೇನೆ. ತಿಂಗಳ ಲೆಕ್ಕದ ನೂರಕ್ಕೂ ಜಾಸ್ತಿ ಸರಣಿಗಳಿವೆ. ಟ್ರೆಂಡ್ ತೆಗೆದು, ಎಲ್ಲವನ್ನೂ ಒಂದೇ ಅಳತೆಗೆ ತಂದು, ಪ್ರಿನ್ಸಿಪಲ್ ಕಾಂಪೊನೆಂಟ್‌ಗಳನ್ನೇ ಫ್ಯಾಕ್ಟರ್‌ಗಳಾಗಿ ಇಟ್ಟು ಕೈಗಾರಿಕಾ ಉತ್ಪಾದನೆಯನ್ನು (`INDPRO`) ಅಂದಾಜು ಮಾಡುತ್ತಿದ್ದೇನೆ.

2019ರವರೆಗಿನ ಡೇಟಾಗೆ ಫ್ಯಾಕ್ಟರ್ ಎಣಿಕೆ ಆರಿಸುವ ಬಾಯ್ ಮತ್ತು ಇಂಗ್ ಅವರ ಮಾನದಂಡ `IC_p2`, 8 ಫ್ಯಾಕ್ಟರ್ ಇಡು ಎನ್ನುತ್ತದೆ. ಆದರೆ ಆಯಾ ತಿಂಗಳವರೆಗಿನ ಡೇಟಾ ಮಾತ್ರ ಬಳಸಿ ಮುಂದಿನ ತಿಂಗಳನ್ನು ಊಹಿಸಿದರೆ, 2 ಇಟ್ಟಾಗಲೇ ತಪ್ಪು ಕಡಿಮೆ. ಮೂರನೆಯ ಫ್ಯಾಕ್ಟರ್ ಬಿಡಿಸಿ ನೋಡಿದೆ, ಅದರ ತುಂಬ ಬೆಲೆ ಸೂಚ್ಯಂಕಗಳೇ. ಎಲ್ಲ ಸರಣಿಗಳ ಏರಿಳಿತ ಹಿಡಿಯುವ ಫ್ಯಾಕ್ಟರ್ ಉತ್ಪಾದನೆಗೂ ನೆರವಾಗಲೇಬೇಕು ಅಂತೇನಿಲ್ಲ ಅಲ್ವಾ? ಹಾಗಾದರೆ ಎಣಿಕೆಯನ್ನು ಅಂದಾಜಿನ ತಪ್ಪು ನೋಡಿಯೇ ಆರಿಸಲೇ?

ಇನ್ನೊಂದು ತೊಡಕು. 2020ರ ಏಪ್ರಿಲ್ ಸೇರಿಸಿದರೆ ಮೊದಲ ಫ್ಯಾಕ್ಟರ್‌ನಲ್ಲಿ ಅದೊಂದೇ ಕುಸಿತ ಎದ್ದು ಕಾಣುತ್ತದೆ, ಎಣಿಕೆಯೂ ಬದಲಾಗುತ್ತದೆ. ಆ ತಿಂಗಳನ್ನು ಖಾಲಿ ಬಿಟ್ಟು, ಅಂದಾಜು ಬೆಲೆಗಳಿಂದ ತುಂಬಿಸಿಕೊಳ್ಳುವುದು ಸರಿಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.